ಗಾದಿಯಾಗದ ಟೇಬಲ್ಲು

ನನ್ನ ಗಂಡ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿಕೊಂಡು ಕೂತರು, ಈಗ ಅಳುತ್ತಾಳೆ, ಆಗ ಅಳುತ್ತಾಳೆ ಅಂತ. ನಾನು ಚಹಾಕ್ಕೆ ಸಕ್ಕರೆ ಸಾಕಾಯಿತೇ ಅಂತ ವಿಚಾರಿಸುತ್ತಿದ್ದೆ. ನಮ್ಮ ಚಿಕ್ಕಮ್ಮ ಒಬ್ಬರು ನನ್ನ ಬೆನ್ನಿಗೆ ಗುದ್ದಿ, "ಅತ್ತು ಬಿಡವ್ವಾ, ಎದಿ ಹಗರಾಕ್ಕೈತಿ" ಅಂದರು. ಬೆನ್ನು ನೋವಾಯಿತು, ಅಷ್ಟೇ. ಒಳಗೆ ಏನೋ ಇತ್ತು, ಆದರೆ ಅದು ನನ್ನದಲ್ಲ, ಪಕ್ಕದ ಮನೆಯವರದು ಅನ್ನಿಸುತ್ತಿತ್ತು.

ನನ್ನ ಗಂಡ ಟ್ಯಾಕ್ಸ್ ಕನ್ಸಲ್ಟಂಟ್. ವ್ಯಾಟ್ ಬಂದು ಕೆಲವೇ ವರ್ಷಗಳಾಗಿದ್ದವು. ಪ್ರತಿ ತಿಂಗಳು ಇಪ್ಪತ್ತನೇ ತಾರೀಖಿನೊಳಗೆ ರಿಟರ್ನ್ ಹಾಕದಿದ್ದರೆ ವ್ಯಾಪಾರಿಗಳಿಗೆ ದಂಡ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯವರು, ರಾಣೆಬೆನ್ನೂರಿನ ಬೀಜದ ಅಂಗಡಿಯವರು ಅವರ ಗಿರಾಕಿಗಳು. ನಾನು ಬಿ.ಕಾಂ. ಮಾಡಿದವಳು. ಖರೀದಿ, ಮಾರಾಟದ ಬಿಲ್ಲುಗಳನ್ನು ಜೋಡಿಸಿ ರಿಟರ್ನ್ ತಯಾರು ಮಾಡುವ ಕೆಲಸ ಹಾವೇರಿಯ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನಾನೇ ಮಾಡುತ್ತಿದ್ದೆ. ಅವರು ಆಫೀಸಿನಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು. ಕೆಲಸ ಯಾರದು ಅಂತ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕೂತ ಮನುಷ್ಯ, ಕೂತ ಜಾಗ.

ಆ ಜಾಗದ ಕಥೆ ಹೇಳಬೇಕಾದರೆ ಮೊದಲು ರಾಣೆಬೆನ್ನೂರಿನದು ಹೇಳಬೇಕು. ಶುರುವಿಗೆ ಅವರು ಅಲ್ಲಿ ಒಂದು ಅರಿವೆ ಅಂಗಡಿಯ ಮೇಲಿನ ಕೋಣೆ ಹಿಡಿದಿದ್ದರು. ಮೂರು ವರ್ಷದ ಲೀಸು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಿ, ಮನೆಗೆ ಪೇಡೆ ತಂದಿದ್ದರು. ವರ್ಷ ತುಂಬುವುದರಲ್ಲಿ ಆ ಕೋಣೆ ಬೇಡವಾಯಿತು. ಕೆಲಸವೆಲ್ಲ ಹಾವೇರಿಯ ಕಚೇರಿಗಳಲ್ಲಿ, ಕೂರುವುದು ಮಾತ್ರ ರಾಣೆಬೆನ್ನೂರಿನಲ್ಲಿ, ಮಧ್ಯೆ ಬಸ್ಸು. ಬಿಡುತ್ತೇನೆ ಅಂದರೆ ಮಾಲೀಕರು ಕರಾರು ತೆಗೆದು ತೋರಿಸಿದರು. ಮೊದಲ ಎರಡು ವರ್ಷ ಬಿಡುವ ಹಾಗಿಲ್ಲ. ಬಿಟ್ಟರೂ ಆ ಎರಡು ವರ್ಷದ ಬಾಡಿಗೆ ಕೊಡಲೇಬೇಕು. ಸಾಲದ್ದಕ್ಕೆ ಒಂದು ಸಲ ಒಳಗಿನ ನಲ್ಲಿ ಒಡೆದು ನೀರು ಕೆಳಗಿನ ಅರಿವೆಯ ಮೇಲೆ ಸುರಿಯಿತು. ಮಾಳಿಗೆ ಸೋರಿದರೆ ಮಾಲೀಕರ ಹೊಣೆ, ಒಳಗಿನ ನಲ್ಲಿ, ವೈರು, ಬಾಗಿಲು ಬಾಡಿಗೆದಾರರ ಹೊಣೆ ಅಂತ ಬರೆದಿತ್ತು. ಒದ್ದೆಯಾದ ಸೀರೆಗಳ ನಷ್ಟ ಇವರೇ ಕಟ್ಟಿಕೊಟ್ಟರು. ಆ ಸೀರೆಗಳಲ್ಲಿ ಎರಡನ್ನು ನಾನು ಬಹಳ ವರ್ಷ ಉಟ್ಟೆ. ಬಣ್ಣ ಬಿಟ್ಟಿದ್ದವು, ಆದರೆ ಅಷ್ಟು ದುಬಾರಿ ಸೀರೆ ನನ್ನ ಹತ್ತಿರ ಬೇರೆ ಇರಲಿಲ್ಲ.

ಅಲ್ಲಿಂದ ಬಿಡುಗಡೆಯಾದ ಮೇಲೆ ಅವರಿಗೆ ಲೀಸು ಅನ್ನುವ ಮಾತು ಕೇಳಿದರೇ ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಹಾವೇರಿಯಲ್ಲಿ ಹೆದ್ದಾರಿಗೆ ಹತ್ತಿರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಹುಬ್ಬಳ್ಳಿಯವರು ಬಿಸಿನೆಸ್ ಸೆಂಟರ್ ತೆರೆದರು. ಈಗ ಅದನ್ನು ಕೋವರ್ಕಿಂಗ್ ಅನ್ನುತ್ತಾರಂತೆ. ನಮ್ಮೂರಿನವರು ಆಗ ಅಂದದ್ದು "ಟೇಬಲ್ ಬಾಡಿಗಿ". ಒಂದೇ ದೊಡ್ಡ ಹಾಲ್, ಒಂದೇ ಥರದ ಟೇಬಲ್ಲುಗಳು, ಏಸಿ, ಇಂಟರ್‌ನೆಟ್, ಎಲ್ಲರಿಗೂ ಸೇರಿ ಒಂದು ಫೋನು. ವಿಮೆಯವರು, ಬೀಜದ ಕಂಪನಿಯವರು, ಜಮೀನು ಅಳೆಯುವವರು ಒಬ್ಬರ ಪಕ್ಕ ಒಬ್ಬರು ಕೂರುತ್ತಿದ್ದರು. ತಿಂಗಳಿನಿಂದ ತಿಂಗಳಿಗೆ. ಬೇಡವೆಂದರೆ ಒಂದು ತಿಂಗಳು ಮೊದಲು ಹೇಳಿದರೆ ಮುಗಿಯಿತು.

"ನೋಡು, ಇದು ಸುಖದ ಜೀವನ," ಅನ್ನುತ್ತಿದ್ದರು. "ನಲ್ಲಿ ಒಡೀಲಿ, ಮಾಳಗಿ ಬೀಳಲಿ, ನಂಗೇನಾತು? ಬ್ಯಾಡಂದ್ರ ಚೀಲ ಹೆಗಲಿಗೆ ಹಾಕ್ಕೊಂಡು ಹೊಂಟೆ."

ಬ್ಯಾಡಗಿಯ ಗಿರಾಕಿಗಳು ಆ ಹಾಲಿಗೆ ಬಂದರೆ ದೊಡ್ಡ ಫಜೀತಿ. ಅವರ ಅಂಗಿ ಧೋತರದಲ್ಲಿ ಕೂತ ಮೆಣಸಿನಕಾಯಿಯ ಘಾಟು, ಮುಚ್ಚಿದ ಕಿಟಕಿ, ಏಸಿ. ವಿಮೆಯವರು ಸೀನುತ್ತಿದ್ದರು, ಜಮೀನು ಅಳೆಯುವವರು ಕೆಮ್ಮುತ್ತಿದ್ದರು. ಆ ಕಾರಣಕ್ಕೇ ನನ್ನ ಗಂಡನ ಜಾಗವನ್ನು ಮ್ಯಾನೇಜರ್ ಎರಡು ಸಲ ಬದಲಾಯಿಸಿದರು. ಜಾಗ ಬದಲಾಯಿಸುವ ಅಧಿಕಾರ ಸೆಂಟರಿನದು ಅಂತ ಕರಾರಿನಲ್ಲಿತ್ತು. ಇವರು ಎದ್ದು ಹೋದರು, ಆದರೆ ಕುರ್ಚಿ ಎಳೆದುಕೊಂಡೇ ಹೋದರು. ಅವರು ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಕುರ್ಚಿಯನ್ನು ಪೂರ್ತಿ ಮೇಲಕ್ಕೆ ಏರಿಸಿ ಏರಿಸಿ ಅದರ ಹಿಡಿಕೆಯೇ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. "ಕರಾರಿನ್ಯಾಗ ಟೇಬಲ್ ಬದಲಿ ಮಾಡ್ತೇವಿ ಅಂತ ಐತಿ, ಕುರ್ಚಿ ಸುದ್ದಿ ಇಲ್ಲ" ಅಂತ ಮನೆಯಲ್ಲಿ ಹೇಳಿಕೊಂಡು ನಕ್ಕಿದ್ದರು. ನಾನೂ ನಕ್ಕಿದ್ದೆ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ನನ್ನ ಅಣ್ಣ ಬಂದ. ಬ್ಯಾಡಗಿಯಲ್ಲಿ ಅಪ್ಪನ ದಲಾಲಿ ಅಂಗಡಿ ನಡೆಸುವವನು. ನಮ್ಮ ಪೇಟೆಯಲ್ಲಿ ಒಂದು ಪದ್ಧತಿ. ಅಂಗಡಿಯ ಹಿರಿಯ ತೀರಿಕೊಂಡರೆ ದುಃಖ ಕಳೆದ ಮೇಲೆ ಆಚೀಚೆ ಅಂಗಡಿಯವರು ಶಾಲು, ತೆಂಗಿನಕಾಯಿ, ವಿಭೂತಿ ತಂದು, ಮುಂದಿನವನನ್ನು ಕೈಹಿಡಿದು ಗಾದಿಯ ಮೇಲೆ ಕೂರಿಸುತ್ತಾರೆ. ಗಾದಿಯೆಂದರೆ ಅಂಗಡಿಯ ಮುಂದಿನ ಹಾಸಿಗೆ, ಒರಗಲು ಒಂದು ಲೋಡು, ಅಷ್ಟೇ. ಆದರೆ ಅಲ್ಲಿ ಕೂತವನ ಮಾತೇ ಅಂಗಡಿಯ ಮಾತು. ಅಪ್ಪ ಹೋದಾಗ ಅಣ್ಣನನ್ನು ಹಾಗೇ ಕೂರಿಸಿದ್ದರು. ಅಂಗಡಿ ನಮ್ಮದಲ್ಲ, ಬಾಡಿಗೆಯದು. ಆದರೂ ಮಾಲೀಕರು ಬಂದು ಕಾಯಿ ಒಡೆದು, ಅಪ್ಪನ ಕರಾರನ್ನೇ ಅಣ್ಣನಿಗೆ ಮುಂದುವರಿಸಿ ಹೋದರು.

"ನಾಳೆ ಬರ್ತೇವಿ," ಅಂದ ಅಣ್ಣ. "ನಾನು, ಇನ್ನಿಬ್ಬರು ಹಿರೇರು. ಮಾಮಾನ ಗಾದಿ ಮ್ಯಾಲ ನಿನ್ನ ಕುಂದರಸ್ತೇವಿ." ನನ್ನ ಗಂಡನನ್ನು ಅವನು ಮಾಮಾ ಅನ್ನುತ್ತಿದ್ದ.

"ಅದು ಟೇಬಲ್ ಅಣ್ಣಾ."

"ಟೇಬಲ್ ಇದ್ರೇನು, ಹಾಸಿಗಿ ಇದ್ರೇನು. ಕುಂತಾರ್ದು ಗಾದಿ. ತಂಗೀ, ಖರೇ ಹೇಳ್ತೇನಿ ಕೇಳು. ಪ್ಯಾಟ್ಯಾಗ ಮಂದಿ ಈಗಾಗ್ಲೇ ಮಾತಾಡಾಕತ್ತಾರ, ಇನ್ನ ರಿಟರ್ನ್ ಯಾರ ಹಾಕ್ತಾರ ಅಂತ. ಹುಬ್ಬಳ್ಳಿ ಕಡೆ ಯಾರನ್ನರ ನೋಡೂಣು ಅನ್ನಾಕತ್ತಾರ. ನೀ ಆ ಜಾಗಾದಾಗ ಕುಂತಿದ್ದು ಕಣ್ಣಿಲೆ ಕಂಡ್ರ ಉಳೀತಾರ. ಇಲ್ಲಂದ್ರ ಹೋಗ್ತಾರ."

ಅವನ ಮಾತು ಸರಿಯಾಗಿತ್ತು. ಮಗಳಿನ್ನೂ ಹೈಸ್ಕೂಲು. ಗಿರಾಕಿಗಳು ಹೋದರೆ ನಾನು ಅಣ್ಣನ ಮನೆಯ ಹಿಂದಿನ ಕೋಣೆಗೆ ಹೋಗಬೇಕು. ಅತ್ತಿಗೆ ಒಳ್ಳೆಯವರು, ಅದಕ್ಕೇ ನನಗೆ ಇನ್ನೂ ಭಯ. ಒಳ್ಳೆಯವರ ಮನೆಯಲ್ಲಿ ಹಂಗಿನಿಂದ ಇರುವುದು ಕಷ್ಟ. ಭಯ ಅಂತ ಈಗ ಬರೆಯುತ್ತೇನೆ. ಆ ದಿನ ಭಯವೂ ಆಗಲಿಲ್ಲ. ಹೂಂ ಅಂದೆ. ಆ ತಿಂಗಳೆಲ್ಲ ಯಾರು ಏನಂದರೂ ಹೂಂ ಅಂದಿದ್ದೇನೆ.

ಮರುದಿನ ಪೇಟೆ ಇರದ ದಿನ. ಅಣ್ಣ ಮತ್ತು ಇಬ್ಬರು ಹಿರಿಯ ವ್ಯಾಪಾರಿಗಳು ಬಂದರು. ಇಬ್ಬರೂ ನನ್ನ ಗಂಡನ ಗಿರಾಕಿಗಳೇ. ಒಬ್ಬರು ದಪ್ಪ, ರುಮಾಲು ಸುತ್ತಿದವರು, ಮಾತು ಜೋರು. ಇನ್ನೊಬ್ಬರು ಮಾತೇ ಆಡದವರು. ಶಾಲು, ತೆಂಗಿನಕಾಯಿ, ವಿಭೂತಿ ಎಲ್ಲವನ್ನೂ ತಾಟಿನಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆವು. ಏಸಿ ಹಾಲಿನ ಬಾಗಿಲು ತೆರೆದದ್ದೇ ತಡ, ವಿಮೆಯವರು ಸೀನಿದರು.

ನನ್ನ ಗಂಡನ ಜಾಗದಲ್ಲಿ ಒಬ್ಬ ಗಿಡ್ಡ ಮನುಷ್ಯ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದ. ರಾಣೆಬೆನ್ನೂರಿನ ಯಾವುದೋ ಬೀಜದ ಕಂಪನಿಯವನಂತೆ. ತಾಟು, ಕಾಯಿ, ಬಿಳಿ ಸೀರೆಯ ನನ್ನನ್ನು ನೋಡಿ ಅವನು ಎದ್ದು ನಿಂತುಬಿಟ್ಟ. ಪಾಪ, ಅವನ ತಪ್ಪೇನು!

"ಏ ತಮ್ಮಾ, ಇದು ನಮ್ಮ ಮಾಮಾನ ಜಾಗಾ," ಅಂದ ಅಣ್ಣ.

ಮ್ಯಾನೇಜರ್ ಓಡಿ ಬಂದರು. ಹುಬ್ಬಳ್ಳಿಯ ಹುಡುಗ, ಸಭ್ಯಸ್ಥ. ನನ್ನ ಗಂಡನ ಮಣ್ಣಿಗೂ ಬಂದಿದ್ದರು. "ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಅಕ್ಕಾರಿಗೆ ನಾ ಫೋನ್ ಮಾಡಿ ಹೇಳಿದ್ದೆ. ಸದಸ್ಯರು ತೀರಿಕೊಂಡ್ರ ಕರಾರು ಅಲ್ಲಿಗೇ ಮುಗೀತೈತ್ರಿ. ಸಾಮಾನು ತೊಗೊಂಡು ಹೋಗಾಕ ಮನೀಯವರಿಗೆ ಟೈಮ್ ಇರತೈತಿ, ಜಾಗಾ ಮಾತ್ರ ಬ್ಯಾರೆಯವರಿಗೆ ಕೊಡಬಹುದು."

ಎಲ್ಲರೂ ನನ್ನ ಕಡೆ ನೋಡಿದರು. ಫೋನು ಬಂದದ್ದು ನಿಜ. ಅದಕ್ಕೂ ಹೂಂ ಅಂದಿರಬೇಕು. ಏನು ಹೇಳಿದರು ಅನ್ನುವುದು ನೆನಪಿಲ್ಲ.

"ಸತ್ತ ಮನಷಾನ ಜಾಗಾ ಹಿಂಗ ಕೊಡ್ತಾರೇನು!" ಅಂತ ರುಮಾಲಿನವರು ಗುಡುಗಿದರು. "ನಡೀರಿ, ಮಾಲಕರನ್ನ ಕೇಳೂಣು."

ಕಟ್ಟಡದ ಮಾಲೀಕರು ಕೆಳಗೆ ಪೇಂಟಿನ ಅಂಗಡಿ ಇಟ್ಟಿದ್ದರು. ನಮ್ಮ ತಾಟು ನೋಡಿ ಹಣದ ಗಲ್ಲೆ ಬಿಟ್ಟು ಎದ್ದು ಬಂದು, ನನಗೆ ಕುರ್ಚಿ ಹಾಕಿಸಿ, ಅಣ್ಣನ ಮಾತು ಪೂರ್ತಿ ಕೇಳಿದರು.

"ನಿಮ್ಮ ಮಾತು ಖರೇ ಐತ್ರಿ. ಆದ್ರ ನಿಮ್ಮ ಮಾಮಾರು ನನ್ನ ಬಾಡಿಗಿದಾರ ಅಲ್ಲ. ನಾ ಮ್ಯಾಲಿನ ಮಾಳಗಿ ಪೂರ್ತಿ ಹುಬ್ಬಳ್ಳಿಯವರಿಗೆ ಲೀಸಿಗೆ ಕೊಟ್ಟೇನಿ. ಅವಧಿ ಮುಗಿಯೂತನಾ ನಾನೂ ಅವರನ್ನ ಕೇಳೇ ಮ್ಯಾಲ ಹತ್ತಬೇಕು. ಅಲ್ಲಿ ಯಾರನ್ನ ಕುಂದರಸ್ತಾರ, ಯಾರನ್ನ ಎಬ್ಬಸ್ತಾರ, ಅದು ಅವರದು."

ಅಣ್ಣ ಅಷ್ಟಕ್ಕೇ ಬಿಡುವವನಲ್ಲ. ಕೋರ್ಟು ಹತ್ತಿರದಲ್ಲೇ ಇತ್ತು, ಅವನಿಗೆ ಗೊತ್ತಿದ್ದ ವಕೀಲರೊಬ್ಬರ ಕೋಣೆಗೆ ಕರೆದುಕೊಂಡು ಹೋದ. ತಾಟನ್ನು ಅವರ ಮೇಜಿನ ಮೇಲೆ ಇಟ್ಟೆವು. ಮ್ಯಾನೇಜರ್ ಕೊಟ್ಟಿದ್ದ ಕರಾರಿನ ಪ್ರತಿಯನ್ನು ವಕೀಲರು ಕನ್ನಡಕ ಏರಿಸಿ ಓದಿದರು.

"ಇದಕ್ಕ ಲೈಸೆನ್ಸ್ ಅಂತಾರ. ಲೀಸ್ ಅಲ್ಲ."

"ಹೆಸರು ಏನರ ಇರಲಿ ಸಾಹೇಬ್ರ. ರೊಕ್ಕಾ ಕೊಟ್ಟು ಕುಂತಿದ್ದು ಹೌದಲ್ಲ?"

"ಹೆಸರು ನೋಡಿ ಕೋರ್ಟು ತೀರ್ಮಾನ ಮಾಡೂದುಲ್ಲ, ಅದು ಖರೇ. ಜಾಗಾ ಯಾರ ತಾಬೇದಾಗಿತ್ತು ಅನ್ನೂದು ನೋಡ್ತಾರ." ಅವರು ನನ್ನ ಕಡೆ ತಿರುಗಿದರು. "ಅಕ್ಕಾರ, ಬಾಗಲದ ಕೀಲಿ ನಿಮ್ಮ ಮನೀಯವರ ಕಡೆ ಇತ್ತೇನ್ರಿ?"

"ಇಲ್ರಿ. ಡ್ರಾವರಿನ ಕೀಲಿ ಅಷ್ಟೇ."

"ಯಾವಾಗ್ಲೂ ಒಂದೇ ಜಾಗಾದಾಗ ಕುಂದರತಿದ್ರೇನು? ಅಥವಾ ಸೆಂಟರಿನವರು ಎಂದರ ಬದಲಿ ಮಾಡಿದ್ರೇನು?"

ಅಣ್ಣ ನನ್ನ ಕಡೆ ಕಣ್ಣು ಬಿಟ್ಟು ನೋಡಿದ. ಇಲ್ಲ ಅನ್ನು ಅಂತ ಅವನ ಮುಖದಲ್ಲಿ ಬರೆದಿತ್ತು. ನನಗೆ ಸುಳ್ಳು ಹೇಳುವಷ್ಟು ಆಸೆಯೂ ಉಳಿದಿರಲಿಲ್ಲ.

"ಎರಡು ಸಲ ಬದಲಿ ಮಾಡಿದ್ರು. ಇವರ ಘಾಟಿನ ಸಲುವಾಗಿ," ಅಂದೆ. ಮಾತಾಡದ ಹಿರಿಯರು ತಮ್ಮ ಅಂಗಿಯ ತೋಳು ಮೂಸಿ ನೋಡಿಕೊಂಡರು.

ವಕೀಲರು ಕರಾರು ಮಡಿಸಿದರು. ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. ಲೀಸು ಅಂದರೆ ಆ ಜಾಗದ ಮೇಲೆ ಒಂದು ಹಕ್ಕು. ಕಟ್ಟಡ ಮಾರಿದರೂ ಕೊಂಡವನು ಆ ಹಕ್ಕಿಗೆ ತಲೆಬಾಗಬೇಕು. ಬಾಡಿಗೆದಾರ ಸತ್ತರೆ, ಅವಧಿ ಉಳಿದಿದ್ದರೆ ಅದು ಹೆಂಡತಿ ಮಕ್ಕಳಿಗೆ ಬರುತ್ತದೆ. ಲೈಸೆನ್ಸು ಅಂದರೆ ಬರೀ ಅಪ್ಪಣೆ. ಬಂದು ಕೂತುಕೋ ಅಂತ ಒಬ್ಬ ಮನುಷ್ಯನಿಗೆ ಕೊಟ್ಟದ್ದು, ಆ ಮನುಷ್ಯನ ಜೊತೆಗೇ ಹೋಗುತ್ತದೆ.

ರಾಣೆಬೆನ್ನೂರಿನ ಲೀಸಿನ ಕಥೆಯನ್ನು ಅಣ್ಣ ಅವರಿಗೆ ಮೊದಲೇ ಹೇಳಿದ್ದ. "ಆದ್ರ ಒಂದು ತಿಳೀರಿ," ಅಂದರು. "ಲೀಸು ಬಂದ್ರ ಹಕ್ಕಷ್ಟೇ ಬರೂದುಲ್ಲ, ಹೊಣೀನೂ ಬೆನ್ನ ಹತ್ತತೈತಿ. ಮುಂಚಿನ ಹಂಗ ಬಿಡಾಕ ಬರಲಾರದ ಲೀಸ್ ಇವತ್ತ ಇದ್ದಿದ್ರ, ಆ ಬಾಡಿಗಿ ಕಾಟ ಅವರ ಆಸ್ತಿ ಮ್ಯಾಲ, ಅಂದ್ರ ನಿಮ್ಮ ಮ್ಯಾಲ ಬರತಿತ್ತು. ನಿಮ್ಮ ಮನೀಯವರು ಹಗರ ಇರಬೇಕು ಅಂತ ಇದನ್ನ ಆರಿಸಿಕೊಂಡ್ರು. ಹಗರ ಇರೂದು ಲಗೂ ಹಾರತೈತಿ, ಅದಕ್ಕ ಯಾರೇನು ಮಾಡಬೇಕು."

ಚೀಲ ಹೆಗಲಿಗೆ ಹಾಕ್ಕೊಂಡು ಹೊಂಟೆ ಅಂದವರು ಹಾಗೇ ಹೋದರು, ಕರಾರಿನ ಪ್ರಕಾರವೇ. ಅವರ ಮೇಲೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಹೊರಗೆ ಬಿಸಿಲಿತ್ತು, ಅಣ್ಣ ತಾಟು ಹಿಡಿದುಕೊಂಡಿದ್ದ, ಕಾಯಿ ಉರುಳದ ಹಾಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ.

"ಮನೀಗೆ ಹೋಗೂಣು ನಡಿ," ಅಂದ. ದನಿ ಇಳಿದುಹೋಗಿತ್ತು. "ಮುಂದ ನೋಡೂಣು. ನಮ್ಮ ಮನೀ ಐತಲ್ಲ."

ಆ ಹಿಂದಿನ ಕೋಣೆ ಕಣ್ಣ ಮುಂದೆ ಬಂತು. ಅತ್ತಿಗೆ ಅಲ್ಲಿ ಜೋಳದ ಚೀಲ ಇಟ್ಟಿದ್ದರು. ಆ ಚೀಲಗಳನ್ನು ನನಗಾಗಿ ಎತ್ತಿಸುತ್ತಾರೆ, ನಗುಮುಖದಿಂದಲೇ ಎತ್ತಿಸುತ್ತಾರೆ. ನನ್ನ ಬಾಯಿಂದ ಆ ತಿಂಗಳಲ್ಲಿ ಮೊದಲ ಸಲ ಹೂಂ ಬರಲಿಲ್ಲ.

"ಇಲ್ಲಣ್ಣಾ. ಮತ್ತ ಮ್ಯಾಲ ಹೋಗೂಣು."

ಮ್ಯಾನೇಜರಿಗೆ ಕೇಳಿದೆ, ಖಾಲಿ ಟೇಬಲ್ ಇದೆಯೇ ಅಂತ. ಇತ್ತು, ನೀರಿನ ಫಿಲ್ಟರಿನ ಪಕ್ಕದ ಮೂಲೆಯದು. ಯಾರೂ ಒಪ್ಪದ್ದು. ನನ್ನ ಹೆಸರಿನಲ್ಲಿ ಕರಾರು ಕೊಡಿ ಅಂದೆ. ಅವರು ಅಚ್ಚಾದ ಕಾಗದ ತಂದರು. ಎಲ್ಲಿ ಸಹಿ ಅಂತ ಬೆರಳು ತೋರಿಸಿದರು. ನಾನು ಕೂತು ಓದಿದೆ. ನಿಂತೇ ಇದ್ದ ಹಿರಿಯರು ಕಾದರು, ಏಸಿಯಲ್ಲಿ ಜನ ಸೀನುತ್ತಲೇ ಇದ್ದರು, ನಾನು ಮೊದಲಿನಿಂದ ಕೊನೆಯತನಕ ಓದಿದೆ. ಅವಧಿ ತಿಂಗಳಿನಿಂದ ತಿಂಗಳಿಗೆ. ಯಾವ ಕಡೆಯವರಾದರೂ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಮುಗಿಸಬಹುದು. ಕಟ್ಟಡದ ದುರಸ್ತಿ, ಕರೆಂಟು, ನೀರು ಸೆಂಟರಿನದು. ಟೇಬಲ್ಲಿನ ಮೇಲೆ, ಡ್ರಾವರಿನಲ್ಲಿ ಇಟ್ಟ ಸಾಮಾನು ನನ್ನ ಹೊಣೆ. ಏನಾದರೂ ಹಾನಿಯಾದರೆ ಸೆಂಟರಿನ ಹೊಣೆ ಹೆಚ್ಚೆಂದರೆ ಒಂದು ತಿಂಗಳ ಶುಲ್ಕದಷ್ಟು. ಸದಸ್ಯರು ತೀರಿಕೊಂಡರೆ ಕರಾರು ಮುಗಿಯಿತು.

"ಕಡೀ ಮಾತು ಬದಲಿ ಮಾಡ್ರಿ," ಅಂದೆ. "ನಾ ಸತ್ರ ಜಾಗಾ ಬ್ಯಾರೆಯವರಿಗೆ ಕೊಡೂಕಿಂತ ಮೊದಲ ನನ್ನ ಮಗಳನ್ನ ಕೇಳಬೇಕು. ಆಕಿ ಬ್ಯಾಡ ಅಂದ ಮ್ಯಾಲ ಕೊಡ್ರಿ."

"ಅಕ್ಕಾರ, ಇದು ಹುಬ್ಬಳ್ಳ್ಯಾಗ ಅಚ್ಚು ಹಾಕಿಸಿದ್ದು. ನನ್ನ ಕೈಯಾಗಿಲ್ರಿ."

"ಹಂಗಾರ ಹುಬ್ಬಳ್ಳಿಗೆ ಫೋನ್ ಹಚ್ಚರಿ. ನಾ ಕುಂತಿರ್ತೇನಿ."

ಅವರು ಹೊರಗೆ ಹೋಗಿ ಮಾತಾಡಿ ಬಂದರು. ಹುಬ್ಬಳ್ಳಿಯವರು ಜಾಗದ ಹಕ್ಕು ಕೊಡಲು ಒಪ್ಪಲಿಲ್ಲ. ಆದರೆ ಒಂದು ಮಾತು ಒಪ್ಪಿದರು: ಹಾಗೇನಾದರೂ ಆದರೆ ತಿಂಗಳು ಮುಗಿಯುವತನಕ ಆ ಟೇಬಲ್ಲನ್ನು ಯಾರಿಗೂ ಕೊಡುವುದಿಲ್ಲ, ಡ್ರಾವರನ್ನು ಮನೆಯವರ ಎದುರಿಗೇ ತೆರೆಯುತ್ತಾರೆ. ಮ್ಯಾನೇಜರ್ ಅದನ್ನು ಪೆನ್ನಿನಿಂದ ಕೆಳಗೆ ಬರೆದರು, ಇಬ್ಬರೂ ಪಕ್ಕದಲ್ಲಿ ಸಹಿ ಹಾಕಿದೆವು. ರುಮಾಲಿನವರು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ನಮ್ಮಣ್ಣನ ಕಿವಿಯಲ್ಲಿ ಅವರು ಅಂದದ್ದು ನನಗೂ ಕೇಳಿಸಿತು. "ನಮ್ಮ ಕಾಗದಾನೂ ಈಕಿ ಹಿಂಗ ಓದ್ತಾಳೇನೋ?" ಅಣ್ಣ ಅಂದ, "ಇಷ್ಟು ದಿನಾ ಮತ್ತ ಯಾರ ಓದ್ಯಾರಂತ ಮಾಡೀರಿ?"

ರುಮಾಲಿನವರು ಕೆಮ್ಮಿ, ಶಾಲು ಕೊಡವಿದರು. "ಈ ತಿಂಗಳ ನಮ್ಮ ರಿಟರ್ನ್ ಇಪ್ಪತ್ತಕ್ಕಿಂತ ಮೊದಲ ಆಗಬೇಕ ನೋಡವ್ವಾ," ಅಂದರು. ಆ ಒಂದು ಮಾತಿನಲ್ಲಿ ನನ್ನ ಬದುಕು ತೀರ್ಮಾನವಾಯಿತು. ನನಗೆ ಗೊತ್ತಾಗಲೂ ಇಲ್ಲ.

"ಹೌದು, ಯಾವ ಟೇಬಲ್ಲಿಗೆ ವಿಭೂತಿ ಹಚ್ಚೂದು?" ಅಂತ ಅಣ್ಣ ಕೇಳಿದ. ಅವನಿಗೆ ಬೀಜದವನು ಕೂತ ಟೇಬಲ್ಲೇ ಆಗಬೇಕಿತ್ತು. ಅಲ್ಲಿ ಹಚ್ಚಿ, ಇಲ್ಲಿ ಕೂರಿಸೋಣ ಅಂದ. ಬೀಜದವನು ಪಾಪ ಲ್ಯಾಪ್‌ಟಾಪ್ ಎತ್ತಿಕೊಂಡು ಸರಿದು ನಿಂತ. ಆಗ ಮ್ಯಾನೇಜರ್ ಸಂಕೋಚದಿಂದ ಹೇಳಿದರು, ಮೊನ್ನೆ ನೆಲ ತೊಳೆಯುವಾಗ ಟೇಬಲ್ಲುಗಳನ್ನೆಲ್ಲ ಹೊರಗೆ ಹಾಕಿ ಮತ್ತೆ ಒಳಗೆ ತಂದಿದ್ದೇವೆ, ಯಾವುದು ಯಾರದಾಗಿತ್ತು ಅಂತ ಈಗ ಹೇಳಲು ಬರುವುದಿಲ್ಲ. ನಾನು ಹಾಲಿನ ಉದ್ದಕ್ಕೂ ನೋಡಿದೆ. ಎಲ್ಲವೂ ಒಂದೇ ಥರ. ಅವರು ಕೊನೆಯತನಕ ಮೊಣಕೈ ಊರಿದ ಹಲಗೆ ಇವುಗಳಲ್ಲಿ ಯಾವುದೋ ಒಂದು. ಯಾವುದಾದರೂ ಆಗಲಿ ಅನ್ನಿಸಿತು.

"ಮೂಲ್ಯಾಗಿಂದಕ್ಕ ಹಚ್ಚಣ್ಣಾ. ನಾ ಕುಂದ್ರೂದು ಅಲ್ಲೆ," ಅಂದೆ.

ಹಚ್ಚಿದರು. ಹಾಲಿನಲ್ಲಿ ಕಾಯಿ ಒಡೆಯಬೇಡಿ ಅಂತ ಮ್ಯಾನೇಜರ್ ಕೈಮುಗಿದರು, ಹೊರಗೆ ಮೆಟ್ಟಿಲ ಮೇಲೆ ಒಡೆದು ತಂದರು. ಶಾಲು ಹೊದಿಸಿದರು. ಮಾತಾಡದ ಹಿರಿಯರು ನನ್ನ ಎಡಗೈ ಹಿಡಿದರು, ಅಣ್ಣ ಬಲಗೈ ಹಿಡಿದ. ಫಿಲ್ಟರಿನ ಪಕ್ಕ ಒಂದು ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಅಣ್ಣ ಅದನ್ನು ತಿರುಗಿಸಿದ.

"ಅದು ಬ್ಯಾಡ್ರಿ ಅಕ್ಕಾರ," ಅಂದರು ಮ್ಯಾನೇಜರ್. "ಅದು ಕೆಟ್ಟೈತಿ. ಹಿಡಿಕಿ ಸಿಕ್ಕೊಂಡು ಕೆಳಗ ಇಳಿಯೂದುಲ್ಲ. ಯಾರೂ ಕುಂದ್ರೂದುಲ್ಲ ಅಂತ ಇಲ್ಲಿ ಇಟ್ಟೇವಿ. ಬ್ಯಾರೇದು ತರ್ತೇನಿ ತಡೀರಿ."

"ತರಬ್ಯಾಡ್ರಿ," ಅಂದೆ. "ಇದಽ ಇರಲಿ."

ಎರಡೂ ಕೈ ಹಿಡಿದು ನನ್ನನ್ನು ಅದರ ಮೇಲೆ ಏರಿಸಬೇಕಾಯಿತು, ಅಷ್ಟು ಎತ್ತರ. ಬೆನ್ನು ಆನಿಸಿ ಕೂತೆ. ನನ್ನ ಎರಡೂ ಕಾಲು ನೆಲ ಮುಟ್ಟದೆ ಗಾಳಿಯಲ್ಲಿ ತೂಗಾಡುತ್ತಿದ್ದವು.

"ಯವ್ವಾ, ಕಾಲು ನೆಲಕ್ಕ ಹತ್ತವಲ್ವಲ್ಲ," ಅಂದ ಅಣ್ಣ.

ಆಗ ಅಳು ಬಂತು. ಶಾಲು ಹೊದ್ದುಕೊಂಡು, ಕಾಲು ಇಳಿಬಿಟ್ಟುಕೊಂಡು, ವಿಮೆಯವರು, ಬೀಜದವರು, ಬ್ಯಾಡಗಿಯ ಹಿರಿಯರು ಎಲ್ಲರ ಎದುರಿಗೆ ಜೋರಾಗಿ ಅತ್ತೆ. ಘಾಟಿಗೆ ಕಣ್ಣಲ್ಲಿ ನೀರು ಬಂದಿದೆ ಅಂದುಕೊಂಡು ಮ್ಯಾನೇಜರ್ ಕಿಟಕಿ ತೆರೆದರು.